ಟ್ರಿಪ್ ಕ್ಯಾನ್ಸಲ್ ಮಾಡಿದ್ದು ಅವರು, ಚಾರ್ಜ್ ಕಟ್ಟೋದು ನಾವಾ?

ಟೂರ್ ಕಂಪನಿಯಿಂದ ಬರೋ ಕ್ಯಾನ್ಸಲ್ ಮೆಸೇಜ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ‘ಕಾರಣಾಂತರಗಳಿಂದ ನಿಮ್ಮ ಪ್ರವಾಸ ರದ್ದಾಗಿದೆ. ಒಂದು ವರ್ಷ ವ್ಯಾಲಿಡಿಟಿ ಇರೋ ವೋಚರ್ ತಗೊಳ್ಳಿ, ಇಲ್ಲವೇ ಕ್ಯಾನ್ಸಲೇಷನ್ ಪಾಲಿಸಿ ಪ್ರಕಾರ ಕಡಿತ ಮಾಡಿ ಉಳಿದ ಹಣ ಕೊಡ್ತೀವಿ.’ ಓದಿದ ತಕ್ಷಣ ಇರೋದು ಇವೆರಡೇ ದಾರಿ ಅನ್ನಿಸುತ್ತೆ. ಆದರೆ ಆ ಪಾಲಿಸಿಯ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. 30 ದಿನ ಮೊದಲಾದರೆ ಇಷ್ಟು, 15 ದಿನ ಮೊದಲಾದರೆ ಅಷ್ಟು ಅನ್ನೋ ಕಡಿತವೆಲ್ಲ ಗ್ರಾಹಕ ರದ್ದು ಮಾಡಿದಾಗ ಅನ್ವಯಿಸುವಂಥದ್ದು. ರದ್ದು ಮಾಡಿದ್ದು ಕಂಪನಿಯೇ ಆದಾಗ ಅದು ಕೊಡದೇ ಇರೋ ಸೇವೆಗೆ ತಗೊಂಡ ದುಡ್ಡು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಭಾಷೆಯಲ್ಲಿ ಇದು ಸೇವಾ ನ್ಯೂನತೆ.

ಲೆಕ್ಕ ಸ್ಪಷ್ಟವಾಗಲಿ ಅಂತ ಒಂದು ಉದಾಹರಣೆ ತಗೊಳ್ಳೋಣ. ಯಲಹಂಕದ ಒಂದು ಕುಟುಂಬ, ಗಂಡ ಹೆಂಡತಿ ಮತ್ತು ಅವರ ಅಪ್ಪ ಅಮ್ಮ, ನಾಲ್ಕು ಜನ ಅಂಡಮಾನ್ ಪ್ಯಾಕೇಜ್‌ಗೆ 1,40,000 ರೂಪಾಯಿ ಕಟ್ಟಿದ್ದಾರೆ ಎಂದುಕೊಳ್ಳಿ. ವಿಮಾನದ ಟಿಕೆಟ್ ಬೇರೆಯಾಗಿ ಅವರೇ ಬುಕ್ ಮಾಡಿದ್ದಾರೆ. ಹೊರಡೋಕೆ ಒಂಬತ್ತು ದಿನ ಇರುವಾಗ ಕಂಪನಿ, ‘ಗ್ರೂಪ್ ಭರ್ತಿಯಾಗಿಲ್ಲ’ ಅಂತ ರದ್ದು ಮಾಡಿ, 30 ಪರ್ಸೆಂಟ್ ಕಡಿತ ಅನ್ನುತ್ತೆ. ಅಂದರೆ 42,000 ರೂಪಾಯಿ ಹೋಯ್ತು.

ಮೊದಲ ಕೆಲಸ ಅವತ್ತೇ ಲಿಖಿತ ಉತ್ತರ. ಫೋನಿನಲ್ಲಿ ಎಷ್ಟೇ ಜಗಳ ಆಡಿದರೂ ಅದಕ್ಕೆ ದಾಖಲೆ ಇರಲ್ಲ. ಇಮೇಲ್‌ನಲ್ಲಿ ನಾಲ್ಕು ಸಾಲು ಸಾಕು: ರದ್ದು ಮಾಡಿದ್ದು ನೀವು, ವೋಚರ್ ನಮಗೆ ಬೇಡ, ಪೂರ್ತಿ 1,40,000 ಕಟ್ಟಿದ ಖಾತೆಗೇ ಬರಬೇಕು, ರದ್ದಿಗೆ ನಿಖರ ಕಾರಣವೇನು ಬರೆದು ತಿಳಿಸಿ. ಕೊನೆಯ ಪ್ರಶ್ನೆ ಮುಖ್ಯ. ಗ್ರೂಪ್ ತುಂಬಿಲ್ಲ ಅಂತ ಇವತ್ತು ಒಪ್ಪಿಕೊಂಡವರು ನಾಳೆ ಕಮಿಷನ್ ಮುಂದೆ ಹವಾಮಾನದ ಕಥೆ ಹೇಳೋದು ಕಷ್ಟ. ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್’ ಅನ್ನೋ ಫಾರ್ಮ್‌ಗೆ ಸಹಿ ಅಥವಾ ಓಕೆ ಕೊಡಬೇಡಿ. ಅವರೇ ಅರ್ಧ ದುಡ್ಡು ಖಾತೆಗೆ ಹಾಕಿಬಿಟ್ಟರೆ, ‘ಇದು ಭಾಗಶಃ ಮಾತ್ರ, ಬಾಕಿಗೆ ನಮ್ಮ ಹಕ್ಕು ಉಳಿದಿದೆ’ ಅಂತ ಆ ದಿನವೇ ಮೇಲ್ ಹಾಕಿ.

ಇನ್ನು ಪರಿಹಾರ. ರೀಫಂಡ್ ಬೇರೆ, ಪರಿಹಾರ ಬೇರೆ. ಭಾರತೀಯ ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟವನ್ನು ಕೇಳಬಹುದು. ಆದರೆ ಆ ನಷ್ಟ ಕಡಿಮೆ ಮಾಡೋಕೆ ನಾವೂ ಕೈಲಾದ ಪ್ರಯತ್ನ ಮಾಡಿರಬೇಕು. ನಮ್ಮ ಉದಾಹರಣೆಯ ಕುಟುಂಬ ಟಿಕೆಟ್ ವೇಸ್ಟ್ ಮಾಡದೆ, ಅದೇ ದಿನಗಳಿಗೆ ಅದೇ ದರ್ಜೆಯ ಹೋಟೆಲ್ ಇರೋ ಇನ್ನೊಂದು ಪ್ಯಾಕೇಜನ್ನು 1,58,000ಕ್ಕೆ ತಗೊಂಡು ಹೋಗಿ ಬಂತು ಅನ್ನಿ. ಆಗ ಹೆಚ್ಚಿಗೆ ಕೊಟ್ಟ 18,000 ಅವರ ನಷ್ಟ. ಎರಡೂ ಬಿಲ್ ಪಕ್ಕಪಕ್ಕ ಇಟ್ಟರೆ ಸಾಬೀತಾಗುತ್ತೆ. ಬದಲಿಗೆ ಟ್ರಿಪ್ಪನ್ನೇ ಬಿಟ್ಟಿದ್ದರೆ, ಏರ್‌ಲೈನ್ ಕಡಿತ ಮಾಡಿಕೊಂಡ ಹಣ ಅವರ ನಷ್ಟ. ಎರಡನ್ನೂ ಒಟ್ಟಿಗೆ ಕೇಳಿದರೆ ಲೆಕ್ಕ ನಿಲ್ಲಲ್ಲ. ಫೈವ್ ಸ್ಟಾರ್‌ಗೆ ಅಪ್‌ಗ್ರೇಡ್ ಮಾಡಿಕೊಂಡು ಆ ವ್ಯತ್ಯಾಸ ಕೇಳಿದರೂ ಅಷ್ಟೇ.

ಆರು ತಿಂಗಳು ದುಡ್ಡು ಕಂಪನಿ ಬಳಿಯೇ ಇದ್ದರೆ, ವರ್ಷಕ್ಕೆ 9 ಪರ್ಸೆಂಟ್‌ನಂತೆ 6,300 ಬಡ್ಡಿ ಕೇಳಬಹುದು. ಅಲ್ಲಿಗೆ ಕಾಗದದ ಮೇಲೆ ತೋರಿಸಬಹುದಾದ ಮೊತ್ತ 1,64,300. ಇದರ ಮೇಲೆ ಮಾನಸಿಕ ಕಿರಿಕಿರಿಗೆ ಮತ್ತು ದಾವೆ ಖರ್ಚಿಗೆ ಒಂದು ಮೊತ್ತ. ಬಡ್ಡಿ ದರ, ಕಿರಿಕಿರಿಯ ಮೊತ್ತ ಎರಡೂ ಕಮಿಷನ್ ವಿವೇಚನೆಗೆ ಬಿಟ್ಟಿದ್ದು. ಹತ್ತು ಲಕ್ಷ ಕೇಳಿದ ಮಾತ್ರಕ್ಕೆ ಹತ್ತು ಲಕ್ಷ ಬರಲ್ಲ. ಬಿಲ್ ಇರೋ ನಷ್ಟವೇ ಗಟ್ಟಿ.

ವಿದೇಶ ಪ್ಯಾಕೇಜ್ ಆಗಿದ್ದರೆ ಟಿಸಿಎಸ್ ಕೂಡ ನೋಡಿ. ಆ ಹಣ ನಿಮ್ಮ ಪ್ಯಾನ್‌ಗೆ ಜಮಾ ಆಗಿ ಫಾರ್ಮ್ 26ಎಎಸ್‌ನಲ್ಲಿ ಕಾಣ್ತಿದ್ದರೆ ರಿಟರ್ನ್ ಸಲ್ಲಿಸುವಾಗ ವಾಪಸ್ ಪಡೀಬಹುದು. ಅಲ್ಲಿ ಕಾಣದಿದ್ದರೆ ‘ಸರ್ಕಾರಕ್ಕೆ ಕಟ್ಟಿದ್ದೀವಿ’ ಅನ್ನೋ ಮಾತು ಒಪ್ಪಬೇಡಿ, ಕಂಪನಿಯಿಂದಲೇ ಕೇಳಿ.

ತಪ್ಪು ನಿಜಕ್ಕೂ ಯಾರದ್ದೂ ಅಲ್ಲದಿದ್ದರೆ? ಚಂಡಮಾರುತ, ಯುದ್ಧ, ಸರ್ಕಾರದ ನಿರ್ಬಂಧ ಇದ್ದಾಗ ಪರಿಹಾರ ಸಿಗೋದು ಕಷ್ಟ. ಆದರೂ ಸೇವೆ ಕೊಡದೆ ದುಡ್ಡು ಇಟ್ಟುಕೊಳ್ಳೋದು ಬೇರೆ ವಿಷಯ. ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ಹಣ ವಾಪಸ್ ಕೊಡಬೇಕು, ಏಜೆಂಟ್ ಮೂಲಕ ಬುಕ್ ಆಗಿದ್ದರೆ ಏಜೆಂಟ್ ಅದನ್ನು ಪ್ರಯಾಣಿಕನಿಗೆ ದಾಟಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಪ್ರವಾಸಿ ಲೀಗಲ್ ಸೆಲ್ ಪ್ರಕರಣದಲ್ಲಿ ಹೇಳಿತು. ಅದಾಗಿ ವರ್ಷಗಳ ನಂತರವೂ ಬಾಕಿ ಉಳಿದಿದ್ದ ಸುಮಾರು 2.5 ಕೋಟಿ ರೂಪಾಯಿಯನ್ನು ಗ್ರಾಹಕರಿಗೆ ಕೊಡುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಯಾತ್ರಾ ಪೋರ್ಟಲ್‌ಗೆ ಆದೇಶ ಕೊಟ್ಟಿತು. ಕೇಳೋದನ್ನು ಬಿಡದವರ ದುಡ್ಡು ಅಷ್ಟು ತಡವಾಗಿಯಾದರೂ ಹೊರಬಂತು.

ಇಮೇಲ್‌ಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಇದು ಮಧ್ಯಸ್ಥಿಕೆಯಷ್ಟೇ, ಆದೇಶ ಕೊಡೋ ಅಧಿಕಾರ ಇಲ್ಲ. ಆದರೂ ದೂರಿನ ನಂಬರ್ ಬಂದ ಮೇಲೆ ಕೆಲವು ಕಂಪನಿಗಳ ದನಿ ಬದಲಾಗುತ್ತೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ‘ಸೇವೆ ಸಿಕ್ಕಿಲ್ಲ’ ಅಂತ ಬ್ಯಾಂಕ್‌ನಲ್ಲಿ ಡಿಸ್ಪ್ಯೂಟ್ ಕೂಡ ಹಾಕಿ. ಅದಕ್ಕೆ ದಿನಗಳ ಮಿತಿ ಇರೋದರಿಂದ ಕಾಯಬೇಡಿ. ಆಮೇಲೆ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಕಮಿಷನ್. ಬಿಲ್ ಕೆಳಗೆ ‘ಮುಂಬೈ ನ್ಯಾಯವ್ಯಾಪ್ತಿಗೆ ಒಳಪಟ್ಟಿದೆ’ ಅಂತ ಇರೋದು ನೋಡಿ ಹಲವರು ಇಲ್ಲೇ ನಿಂತುಬಿಡ್ತಾರೆ. ಆದರೆ 2019ರ ಕಾಯ್ದೆಯ 34ನೇ ಸೆಕ್ಷನ್, ಗ್ರಾಹಕ ವಾಸ ಇರೋ ಅಥವಾ ದುಡಿಯೋ ಜಾಗದಲ್ಲೇ ದೂರು ಕೊಡಬಹುದು ಅನ್ನುತ್ತೆ. ಯಲಹಂಕದಲ್ಲಿ ಮನೆ, ಹೆಬ್ಬಾಳದಲ್ಲಿ ಆಫೀಸ್ ಇರುವವರಿಗೆ ಬೆಂಗಳೂರೇ ಸಾಕು. ಆರ್ಬಿಟ್ರೇಷನ್ ಷರತ್ತು ಇದ್ದರೂ ಗ್ರಾಹಕ ದೂರಿಗೆ ಅಡ್ಡಿಯಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ದೂರನ್ನು ಮನೆಯಿಂದಲೇ e-jagriti.gov.in ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ಶುಲ್ಕ ನಿರ್ಧಾರವಾಗೋದು ನೀವು ಕಂಪನಿಗೆ ಕಟ್ಟಿದ ಹಣದ ಮೇಲೆ, ಕೇಳೋ ಪರಿಹಾರದ ಮೇಲಲ್ಲ. 5 ಲಕ್ಷದವರೆಗೆ ಕಟ್ಟಿದ್ದರೆ ಶುಲ್ಕವೇ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಬುಕಿಂಗ್ ವೋಚರ್, ಹಣ ಕಟ್ಟಿದ ಸ್ಟೇಟ್‌ಮೆಂಟ್, ರದ್ದಾದ ಮೆಸೇಜ್, ನಿಮ್ಮ ಇಮೇಲ್‌ಗಳು, ನೋಟಿಸ್ ಮತ್ತು ಪೋಸ್ಟ್ ರಸೀದಿಯನ್ನು ದಿನಾಂಕದ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ. ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ನಂಬರ್, ದಿನಾಂಕ ಕಾಣಲಿ.

ನೋಟಿಸ್ ತಲುಪಿದ ಮೇಲೆ ಕಂಪನಿಗೆ ಉತ್ತರಿಸೋಕೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಪ್ರಕರಣ ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಆಶಿಸುತ್ತೆ, ಆದರೆ ಅದಕ್ಕಿಂತ ಜಾಸ್ತಿ ಸಮಯಕ್ಕೇ ಸಿದ್ಧರಾಗಿರಿ. ಗೆದ್ದ ಮೇಲೆ ಕಂಪನಿ ಮೇಲ್ಮನವಿ ಹೋಗಬೇಕಾದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು. ಆದೇಶ ಪಾಲಿಸದೇ ಇದ್ದರೆ 72ನೇ ಸೆಕ್ಷನ್‌ನಲ್ಲಿ ಜೈಲು, ದಂಡ ಎರಡಕ್ಕೂ ಅವಕಾಶ ಇದೆ. ಹಾಗಾಗಿ 42,000 ಕಡಿತ ಅನ್ನೋ ಮೆಸೇಜ್ ಬಂದ ದಿನ ಓಕೆ ಒತ್ತಬೇಡಿ, ಮೊದಲು ಆ ನಾಲ್ಕು ಸಾಲಿನ ಇಮೇಲ್ ಕಳಿಸಿ.