ಹುರಿಯುವುದಕ್ಕೆ ‘ಫ್ರೈ’ ಎಂದು ಬರೆಯುವುದನ್ನು ನಿಲ್ಲಿಸಿ

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ತಂಗಿಯ ಮಗಳು ಶೇಂಗಾ ಚಟ್ನಿ ಮಾಡುವುದು ಹೇಗೆಂದು ಕೇಳಿದಳು. ಅವಳಿಗೆ ಬ್ಯಾರಿಯೂ ಕನ್ನಡವೂ ಮಾತಾಡಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ‘ಶೇಂಗಾ ಫ್ರೈ ಮಾಡು’ ಎಂದೆ. ಅವಳು ಎರಡು ಚಮಚ ಎಣ್ಣೆ ಕಾಯಿಸಿ, ಜೋರು ಉರಿಯಲ್ಲಿ ಫ್ರೈ ಮಾಡಿದಳು. ಹೊರಗೆ ಕಪ್ಪು, ಒಳಗೆ ಹಸಿ. ಮಿಕ್ಸಿಗೆ ಹಾಕಿದರೆ ಪುಡಿಯಾಗದೆ ಮುದ್ದೆಯಾಯಿತು.

ನಾವು ಬೇಕರಿ ನಡೆಸಲೆಂದು ಬಂದು ಜತ್ತದಲ್ಲಿ ನೆಲೆಸಿದವರು. ಇದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ತಾಲೂಕು, ಆದರೆ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಶೇಂಗಾ ಚಟ್ನಿ ನನಗೆ ಕಲಿಸಿದ್ದು ನೆರೆಮನೆಯ ಅಕ್ಕ. ನಮ್ಮೂರಿನ ಅಭ್ಯಾಸದಲ್ಲಿ ಬಾಣಲೆಗೆ ಎಣ್ಣೆ ಬಿಡಹೋದಾಗ ಕೈ ಹಿಡಿದುಕೊಂಡಳು: “ಏ, ಎಣ್ಣಿ ಹಾಕಬ್ಯಾಡವ್ವಾ. ಇದು ಭಾಜೂದು, ಪರತೂದಲ್ಲ.” ಕನ್ನಡದ ಬಾಲ ಹಚ್ಚಿದ ಮರಾಠಿ. ಮರಾಠಿ ಅಡುಗೆಯಲ್ಲಿ ಒಣ ಬಾಣಲೆಯಲ್ಲಿ ಹುರಿಯುವುದು ‘ಭಾಜಣೆ’, ಎಣ್ಣೆಯಲ್ಲಿ ಕೈಯಾಡಿಸುವುದು ‘ಪರತಣೆ’. ನಮ್ಮ ಕನ್ನಡದಲ್ಲಿ ಎರಡೂ ಹುರಿಯುವುದೇ. ಕೊತ್ತಂಬರಿ ಹುರಿ ಎಂದರೆ ಎಣ್ಣೆಯಿಲ್ಲದೆ, ರವೆ ಹುರಿ ಎಂದರೆ ತುಪ್ಪದಲ್ಲಿ, ಈರುಳ್ಳಿ ಹುರಿ ಎಂದರೆ ಎಣ್ಣೆಯಲ್ಲಿ. ಉಮ್ಮನ ಪಕ್ಕ ನಿಂತು ಕಲಿತವರಿಗೆ ಇದು ತೊಡಕಲ್ಲ. ಫೋನ್ ನೋಡಿ ಕಲಿಯುವವರಿಗೆ ತೊಡಕು.

ಇಲ್ಲಿಯೇ ನಮ್ಮವರಲ್ಲಿ ಕೆಲವರು ಹೇಳುವುದು: ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ನಿಖರ ಪದವಿದೆ, ಕನ್ನಡ ಬಿಟ್ಟು ಅದರಲ್ಲೇ ಬರೆಯಿರಿ. ನಾನು ಒಪ್ಪುವುದಿಲ್ಲ. ‘ಫ್ರೈ’ ಎಂಬ ಒಂದೇ ಪದದಲ್ಲಿ ಕರಿಯುವುದೂ ಬಂತು, ಎಣ್ಣೆಯಲ್ಲಿ ಹುರಿಯುವುದೂ ಬಂತು. ನಾವು ಕರಿ ಎಂದರೆ ಎಣ್ಣೆಯಲ್ಲಿ ಮುಳುಗಬೇಕು, ಬಾಡಿಸು ಎಂದರೆ ಕೆಂಪಾಗಬಾರದು, ಸುಡು ಎಂದರೆ ಬೆಂಕಿ ತಾಗಬೇಕು. ಇದರಲ್ಲಿ ಸಡಿಲ ಯಾವುದಿದೆ? ಸಡಿಲವಿರುವುದು ಹುರಿಯುವುದರಲ್ಲಿ. ಅದನ್ನು ನಾವೇ ಬಿಗಿ ಮಾಡಬೇಕು, ‘ಫ್ರೈ’ ಎಂದು ಇನ್ನಷ್ಟು ಸಡಿಲ ಮಾಡಬಾರದು.

ಹುಡುಗಿಗೆ ಎರಡನೆಯ ಸಲ ‘ಡ್ರೈ ರೋಸ್ಟ್’ ಎಂದು ಬರೆದೆ. ಪದ ಸರಿ. ಅವಳು ಅಂಗಡಿಯಿಂದ ಅದೇ ಹೆಸರು ಅಚ್ಚಾದ ಪೊಟ್ಟಣ ತಂದಳು. ಅದರಲ್ಲಿ ಉಪ್ಪು, ಬೆಳ್ಳುಳ್ಳಿ ಪುಡಿ, ಸಕ್ಕರೆ ಎಲ್ಲ ಮೊದಲೇ ಮೆತ್ತಿತ್ತು. ಬರೀ ‘ರೋಸ್ಟ್’ ಎಂದಿದ್ದರೆ ಅಲ್ಲಿಯವರಿಗೆ ಮೊದಲು ನೆನಪಾಗುವುದು ಒವನ್. ಶೇಂಗಾಕ್ಕೆ ಒವನ್ ಆದೀತು, ನಮ್ಮ ಬೇಕರಿಯಲ್ಲೂ ಮಾಡಿದ್ದುಂಟು. ಜೀರಿಗೆಯನ್ನು ಅದರಲ್ಲಿಟ್ಟರೆ ಬಾಗಿಲು ತೆರೆಯುವಷ್ಟರಲ್ಲಿ ಕರಕಲು. ಒಣ ಬಾಣಲೆಯಲ್ಲಿ ಮಸಾಲೆ ಹುರಿಯುವುದಕ್ಕೆ ಅಮೆರಿಕದವರು ‘ಟೋಸ್ಟ್’ ಎನ್ನುತ್ತಾರೆ. ನಮ್ಮವರಿಗೆ ಅದನ್ನು ಕೇಳಿದರೆ ಬ್ರೆಡ್ಡು ನೆನಪಾಗುತ್ತದೆ.

ಆದ್ದರಿಂದ ಮೂರನೆಯ ಸಲ ಪದವನ್ನೇ ನಂಬಲಿಲ್ಲ. ಹೀಗೆ ಬರೆದೆ: ಎರಡು ಕಪ್ ಹಸಿ ಶೇಂಗಾ, ದಪ್ಪ ತಳದ ಒಣ ಬಾಣಲೆ, ಎಣ್ಣೆ ಬೇಡ, ಸಣ್ಣ ಉರಿ. ಹನ್ನೆರಡು ಹದಿನೈದು ನಿಮಿಷ ಕೈ ಬಿಡದೆ ತಿರುವು. ಚಟಪಟ ಸದ್ದಾಗಿ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಬಿಡಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಸೀಯುತ್ತದೆ, ಕೂಡಲೇ ತಟ್ಟೆಗೆ ಸುರಿ. ಪೂರ್ತಿ ಆರಿದ ಮೇಲೆ ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಉಪ್ಪಿನೊಂದಿಗೆ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮತ್ತೆ ಮುದ್ದೆಯೇ. ಈ ಸಲ ಚಟ್ನಿ ಚಟ್ನಿಯಾಯಿತು.

ಒಗ್ಗರಣೆಯದು ಇನ್ನೂ ದೊಡ್ಡ ಗೋಳು. ‘ಟೆಂಪರ್’ ಎಂಬುದು ನಮ್ಮ ಕಡೆಯ ಇಂಗ್ಲಿಷಿನಲ್ಲಿ ಒಗ್ಗರಣೆ. ಹೊರಗಿನ ಅಡುಗೆಯವರಿಗೆ ಅದು ಚಾಕಲೇಟನ್ನು ಕರಗಿಸಿ ಹದವಾಗಿ ತಣಿಸುವುದು, ಇಲ್ಲವೇ ಮೊಟ್ಟೆ ಒಡೆಯದಂತೆ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸುವುದು. ಅದಕ್ಕೂ ಮಿಗಿಲಾಗಿ, ಯಾವಾಗ ಎಂಬುದನ್ನು ಆ ಪದ ಹೇಳುವುದೇ ಇಲ್ಲ. ಇಲ್ಲಿಯ ಮನೆಗಳಲ್ಲಿ ಫೋಡಣಿ ಹೆಚ್ಚಾಗಿ ಅಡುಗೆಯ ಮೊದಲಿಗೆ, ಅದರ ಮೇಲೆಯೇ ಪಲ್ಯ ಬೀಳುತ್ತದೆ. ನಮ್ಮೂರಿನ ಸಾರಿಗೆ ಒಗ್ಗರಣೆ ಕೊನೆಗೆ. ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿದರೆ ಕರಿಬೇವಿನ ಪರಿಮಳ ಹಬೆಯೊಂದಿಗೆ ಹೋಗಿರುತ್ತದೆ.

ಮುಂದಿನ ಸಲ ಮಗಳಿಗೋ ಸೊಸೆಗೋ ಕಳಿಸುವಾಗ ‘ಟೆಂಪರ್ ಮಾಡು’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಸಾರು ಇಳಿಸಿದ ಮೇಲೆ ಎಣ್ಣೆ ಕಾಯಿಸಿ ಸಾಸಿವೆ ಹಾಕು, ಸಿಡಿಯುವ ಸದ್ದು ಇಳಿಯುವವರೆಗೆ ಕಾಯು, ಉರಿ ಸಣ್ಣ ಮಾಡಿ ಒಣಮೆಣಸು, ಕರಿಬೇವು ಹಾಕು, ಮೆಣಸು ಕಪ್ಪಾಗುವ ಮುಂಚೆ ಸಾರಿನ ಮೇಲೆ ಸುರಿದು ಮುಚ್ಚಳ ಮುಚ್ಚು ಎಂದು ಬರೆಯಿರಿ. ನಾಲ್ಕು ಸಾಲು ಹೆಚ್ಚಾದೀತು, ಆಗಲಿ. ‘ಒಗ್ಗರಣೆ’ ಎಂಬ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಾದರೂ ಹಾಗೆಯೇ ಉಳಿಸಿ. ‘ಪಾಸ್ತಾ’ವನ್ನು ನಾವು ಅನುವಾದ ಮಾಡಿಕೊಂಡು ತಿನ್ನುತ್ತಿದ್ದೇವೆಯೇ?