ಮದುವೆ ಛತ್ರದ ಮಿಕ್ಕ ಅಡುಗೆ: ಹಂಚಿಕೆಗೆ ಗಡಿಯಾರದ ಕಟ್ಟುಪಾಡು

2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡವೊಂದು ನಗರದ 75 ಕಲ್ಯಾಣ ಮಂಟಪಗಳನ್ನು ಸಮೀಕ್ಷಿಸಿ, ಮದುವೆಗಳಲ್ಲಿಯೇ ವರ್ಷಕ್ಕೆ 943 ಟನ್ ಆಹಾರ ಪೋಲಾಗುತ್ತಿದೆ ಎಂದು ಅಂದಾಜಿಸಿತು. ಎರಡು ವರ್ಷಗಳ ನಂತರ ಕೊಯಮತ್ತೂರಿನಲ್ಲಿ ಆರಂಭವಾದ 'ನೋ ಫುಡ್ ವೇಸ್ಟ್' ಸಂಸ್ಥೆ, ದೂರವಾಣಿ ಕರೆ ಬಂದೊಡನೆ ಛತ್ರಕ್ಕೆ ಹೋಗಿ ಮಿಕ್ಕ ಅಡುಗೆಯನ್ನು ಹಸಿದವರಿಗೆ ತಲುಪಿಸುವ ಮಾದರಿಯನ್ನು ರೂಪಿಸಿತು. ಇದೇ ಮಾದರಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಪಟ್ಟಣಗಳಿಗೆ ಒಗ್ಗೀತೇ? ಒಗ್ಗೀತು, ಆದರೆ ಅರ್ಧದಷ್ಟು ಮಾತ್ರ. ಅದಕ್ಕೆ ಕಾರಣ ದಾನಿಗಳ ಕೊರತೆಯಲ್ಲ, ಸಮಯದ ಕೊರತೆ.

ಶಿಡ್ಲಘಟ್ಟದ ಒಂದು ಛತ್ರವನ್ನು ಊಹಿಸಿಕೊಳ್ಳೋಣ. ಮುಹೂರ್ತದ ಊಟಕ್ಕೆ 800 ಮಂದಿಯನ್ನು ನಿರೀಕ್ಷಿಸಿದ್ದರೆ ಬಂದವರು 600. ತಲೆಗೆ 100 ಗ್ರಾಂ ಅಕ್ಕಿಯಂತೆ ಲೆಕ್ಕ ಹಾಕಿದರೂ 20 ಕಿಲೋ ಅಕ್ಕಿಯ ಅನ್ನ, ಅಂದರೆ ಬೆಂದ ಮೇಲೆ 50 ಕಿಲೋಗೂ ಹೆಚ್ಚು ಅನ್ನ ಉಳಿಯುತ್ತದೆ. ಸುಮಾರು 150 ಜನರ ಊಟ. ಅದು ಒಲೆಯಿಂದ ಇಳಿದದ್ದು ಹನ್ನೊಂದೂವರೆಗೆ; ಕೊನೆಯ ಪಂಕ್ತಿ ಎದ್ದದ್ದು ಮೂರು ಗಂಟೆಗೆ. ಛತ್ರದವರು ಕರೆ ಮಾಡುವುದು ಆಮೇಲೆಯೇ.

ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಇವೆರಡರ ನಡುವೆ ನಾಲ್ಕು ಗಂಟೆ ಕಳೆದರೆ ಅದನ್ನು ಬಡಿಸುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಅನ್ನದ ವಿಷಯದಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕುಳಿತಿದ್ದರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ನಾಶವಾಗದು. ವಾಸನೆ ನೋಡಿ ತಿಳಿಯುವಂತೆಯೂ ಇಲ್ಲ. ಘಮಘಮಿಸುವ ಅನ್ನವೂ ಕೆಟ್ಟಿರಬಹುದು. ದೊಡ್ಡ ಹಂಡೆಯ ನಡುವಣ ಅನ್ನ ಸಂಜೆಯವರೆಗೂ ಬೆಚ್ಚಗಿರುವುದನ್ನು ನಮ್ಮ ಗೃಹಿಣಿಯರು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಾರೆ. ವಾಸ್ತವದಲ್ಲಿ ಅಪಾಯವಿರುವುದು ಅಲ್ಲಿಯೇ.

ಆದ್ದರಿಂದ ಕರೆ ಬರಬೇಕಾದದ್ದು ಮೂರು ಗಂಟೆಗಲ್ಲ, ಎರಡನೆಯ ಪಂಕ್ತಿ ಕುಳಿತಾಗ. ಎಷ್ಟು ಎಲೆ ಬಿದ್ದಿದೆ ಎಂಬುದು ಆಗಲೇ ಬಾಣಸಿಗನಿಗೆ ತಿಳಿದಿರುತ್ತದೆ. ಸ್ವಯಂಸೇವಕರು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟಿದೆ?' ಎಂದಲ್ಲ, 'ಒಲೆಯಿಂದ ಇಳಿದದ್ದು ಯಾವಾಗ?' ಎಂದು. ಸೌಟು ತಾಗದ, ಮುಚ್ಚಳ ತೆರೆಯದ ಪಾತ್ರೆಯನ್ನಷ್ಟೇ ಒಪ್ಪಿಕೊಳ್ಳಬೇಕು. ತೆಂಗಿನಕಾಯಿ ಚಟ್ನಿ, ಕೋಸಂಬರಿಗಳನ್ನು ಬಿಟ್ಟುಬಿಡುವುದೇ ಲೇಸು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಹೆಚ್ಚುವರಿ ಆಹಾರ ನಿಯಮಾವಳಿಯೂ ಹಂಚುವ ಸಂಸ್ಥೆಗಳು ನೋಂದಣಿ ಮಾಡಿಸಿಕೊಂಡು, ಆಹಾರದ ಮೂಲದ ದಾಖಲೆ ಇಡಬೇಕೆಂದು ಹೇಳುತ್ತದೆ. ಅನುಭವಿ ಅಡುಗೆಯವರ ಉಪಾಯ ಇದಕ್ಕಿಂತ ಸರಳ: ಕೊನೆಯ ಹಂಡೆಯ ಅಕ್ಕಿಯನ್ನು ಪಂಕ್ತಿ ನೋಡಿಕೊಂಡೇ ಒಲೆಗೆ ಹಾಕುವುದು. ಆಗ ಉಳಿಯುವುದು ಅನ್ನವಲ್ಲ, ಅಕ್ಕಿ.

ನಿಜವಾದ ಕಗ್ಗಂಟು ಆರತಕ್ಷತೆಯ ರಾತ್ರಿಯದು. ಊಟ ಮುಗಿಯುವಾಗ ಹನ್ನೊಂದು ಗಂಟೆ. ವೃದ್ಧಾಶ್ರಮದ ದೀಪ ಆರಿರುತ್ತದೆ, ರೇಷ್ಮೆ ರೀಲಿಂಗ್ ಘಟಕಗಳ ಕಾರ್ಮಿಕರು ಮಲಗಿರುತ್ತಾರೆ. ಬೆಂಗಳೂರಿನಂತಹ ನಗರದಲ್ಲಿ ರಾತ್ರಿಯೂ ಉಣ್ಣುವವರು ಸಿಕ್ಕಾರು. ತಾಲ್ಲೂಕು ಪಟ್ಟಣದಲ್ಲಿ ಸಿಗುವುದು ಕಷ್ಟ. ಬೆಳಿಗ್ಗೆಗೆ ಇಟ್ಟರೆ ಮೇಲೆ ಹೇಳಿದ ವಿಷದ ಭಯ. ಈ ಅಡುಗೆಯನ್ನು ಹಂಚಲು ಹೊರಡುವುದಕ್ಕಿಂತ ಬೇರೆಡೆ ಬಳಸುವುದೇ ಉತ್ತಮ.

ಹಾಲಿಗೆ ಹೆಸರಾದ ಈ ಸೀಮೆಯಲ್ಲಿ ಸಹಜವಾಗಿ ಹೊಳೆಯುವುದು ಹಸು. ಪುಣ್ಯವೆಂದು ಒಂದೇ ಬಾರಿಗೆ ಬುಟ್ಟಿಗಟ್ಟಲೆ ಅನ್ನ ಸುರಿದರೆ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ ಮೆಲುಕು ನಿಲ್ಲುತ್ತದೆ, ಭೇದಿಯಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು.

ಇನ್ನುಳಿದದ್ದು ಗೋಬರ್ ಅನಿಲದ ತೊಟ್ಟಿ. ಸಗಣಿಯ ಬದಲು ಪಿಷ್ಟದ ತ್ಯಾಜ್ಯದಿಂದ ನಡೆಯುವ ಚಿಕ್ಕ ಸ್ಥಾವರವನ್ನು ಪುಣೆಯ ಆರ್ತಿ ಸಂಸ್ಥೆ ರೂಪಿಸಿದ್ದು, ಅದಕ್ಕೆ 2006ರಲ್ಲಿ ಆಶ್ಡೆನ್ ಪ್ರಶಸ್ತಿಯೂ ಬಂದಿತ್ತು. ಆದರೆ ಈ ತೊಟ್ಟಿಗೂ ದಿನದ ಮೇವು ಬೇಕು. ಆಷಾಢ, ಧನುರ್ಮಾಸಗಳಲ್ಲಿ ಛತ್ರಗಳು ಖಾಲಿ, ಲಗ್ನದ ದಿನಗಳಲ್ಲಿ ಒಮ್ಮೆಗೇ ನೂರಾರು ಕಿಲೋ. ಹಾಗೆ ಸುರಿದರೆ ತೊಟ್ಟಿ ಹುಳಿಯಾಗುತ್ತದೆ, ಅನಿಲ ಬರುತ್ತಿದ್ದರೂ ಒಲೆ ಹತ್ತುವುದಿಲ್ಲ. ಆಗ ಹೊಸ ತ್ಯಾಜ್ಯ ನಿಲ್ಲಿಸಿ, ಸಗಣಿ ನೀರು ಹಾಕಿ ಕಾಯಬೇಕು. ಹಾಗಾಗಿ ತೊಟ್ಟಿ ಇರಬೇಕಾದದ್ದು ಛತ್ರದಲ್ಲಲ್ಲ, ದಿನವೂ ಒಂದೇ ಪ್ರಮಾಣದ ತ್ಯಾಜ್ಯ ದೊರೆಯುವ ಬಸ್ ನಿಲ್ದಾಣದ ಹೋಟೆಲುಗಳ, ಕಾಲೇಜು ಕ್ಯಾಂಟೀನುಗಳ ಬಳಿ. ಛತ್ರದ ಅನ್ನ ಅಲ್ಲಿಗೆ ದಿನಕ್ಕಿಷ್ಟೆಂದು ಹೋಗಲಿ. ಪ್ಲಾಸ್ಟಿಕ್ ಲೋಟ, ಬಾಳೆ ಎಲೆಗಳನ್ನು ಬೇರ್ಪಡಿಸುವ ಕೆಲಸ ಮಾತ್ರ ಛತ್ರದಲ್ಲೇ ಮುಗಿಯಬೇಕು.