ಒಂದು ಕಿಟಕಿ, ಎರಡು ದೀಪ, ಅಜ್ಜಿಯ ಮಾತು

ಊರಿಗೆ ಹೋದಾಗ ಅಜ್ಜಿಯನ್ನ ಕೂರಿಸಿ ಹಳೇ ಕಥೆಯೆಲ್ಲ ಕೇಳಿ ರೆಕಾರ್ಡ್ ಮಾಡಬೇಕು ಅಂತ ನಮ್ಮಲ್ಲಿ ಎಷ್ಟು ಜನ ಅಂದುಕೊಂಡಿಲ್ಲ! ಮೊಬೈಲ್ ಇದೆ, ಅಜ್ಜಿಯೂ ರೆಡಿ. ಆದ್ರೆ ಆಮೇಲೆ ನೋಡಿದ್ರೆ ಮುಖ ಕಪ್ಪು, ಹಿಂದಿನ ಕಿಟಕಿ ಮಾತ್ರ ಬೆಳ್ಳಗೆ. ಎಂಬತ್ತೈದರ ಅಜ್ಜಿಗೆ ಅದೇ ಕಥೆ ಮತ್ತೆ ಹೇಳು ಅನ್ನೋಕಾಗುತ್ತಾ?

ಸಂದರ್ಶನಕ್ಕೆ ಸಿನಿಮಾದವರು ಮೂರು ಬೆಳಕು ಬಳಸ್ತಾರೆ. ಮುಖಕ್ಕೆ ಮುಖ್ಯ ಬೆಳಕು, ಅದರಿಂದಾದ ನೆರಳನ್ನು ತಿಳಿಯಾಗಿಸೋದು ಎರಡನೆಯದು, ಹಿಂದಿನಿಂದ ತಲೆ ಮತ್ತು ಭುಜದ ಅಂಚನ್ನು ಗೋಡೆಯಿಂದ ಬೇರ್ಪಡಿಸೋದು ಮೂರನೆಯದು. ಚಿಕ್ಕ ರೂಮಲ್ಲಿ ಮೊದಲನೆಯದು ಕಿಟಕಿಯೇ. ಹಗಲಲ್ಲಿ ನಮ್ಮ ಮನೆಯ ಯಾವ ಬಲ್ಬೂ ಅದಕ್ಕೆ ಸಾಟಿಯಲ್ಲ. ಆದ್ರೆ ಕಿಟಕಿಯನ್ನು ಜರುಗಿಸೋಕಾಗಲ್ಲ. ಹಾಗಾಗಿ ಜರುಗಬೇಕಾದ್ದು ಕುರ್ಚಿ. ದೀಪಗಳನ್ನು ಹಚ್ಚೋ ಮೊದಲು ಕುರ್ಚಿಯ ಜಾಗ ಸರಿಮಾಡಿ.

ಹತ್ತು ಅಡಿಗೆ ಹನ್ನೆರಡು ಅಡಿ ರೂಮು ಅಂದುಕೊಳ್ಳಿ, ಉದ್ದದ ಗೋಡೆಯಲ್ಲಿ ಪಶ್ಚಿಮಕ್ಕೆ ಕಿಟಕಿ. ಬೆಳಗ್ಗೆ ಹತ್ತಕ್ಕೆ ಅಲ್ಲಿ ನೇರ ಬಿಸಿಲಿರಲ್ಲ, ಒಳ್ಳೇ ಮೆತ್ತನೆ ಬೆಳಕಿರುತ್ತೆ. ಆ ಗೋಡೆಯಿಂದ ಮೂರಡಿ ದೂರದಲ್ಲಿ, ಕಿಟಕಿಗಿಂತ ಸ್ವಲ್ಪ ಹಿಂದಕ್ಕೆ ಕುರ್ಚಿ ಹಾಕಿ. ಬೆಳಕು ಪಕ್ಕದಿಂದಲೂ ಅಲ್ಲ, ಎದುರಿಂದಲೂ ಅಲ್ಲ, ಎರಡರ ನಡುವಿನ ಓರೆಯಲ್ಲಿ ಅಜ್ಜಿಯ ಮುಖಕ್ಕೆ ಬೀಳಬೇಕು. ಬೆನ್ನ ಹಿಂದೆ ಗೋಡೆಗೆ ನಾಲ್ಕಡಿ ಬಿಡಿ. ಫೋನು ಎದುರಿಗೆ ಐದಡಿ ದೂರ, ಅಜ್ಜಿಯ ಕಣ್ಣಿನ ಎತ್ತರಕ್ಕೆ. ಸೀಲಿಂಗಿನ ಟ್ಯೂಬ್‌ಲೈಟ್ ಆರಿಸಿಬಿಡಿ. ಮೇಲಿಂದ ಬೀಳೋ ಬೆಳಕು ವಯಸ್ಸಾದವರ ಕಣ್ಣನ್ನು ಗುಳಿಯ ಹಾಗೆ ಕಾಣಿಸುತ್ತೆ.

ಈಗ ಕಿಟಕಿಯ ಕಡೆಯ ಕೆನ್ನೆ ಚೆನ್ನಾಗಿದೆ, ಆಚೆ ಕೆನ್ನೆ ಕತ್ತಲು. ಇಲ್ಲಿ ಹೆಚ್ಚಿನವರು ಟೇಬಲ್ ಲ್ಯಾಂಪನ್ನು ನೇರ ಮುಖಕ್ಕೆ ತಿರುಗಿಸ್ತಾರೆ. ಅಜ್ಜಿ ಕಣ್ಣು ಕಿರಿದು ಮಾಡ್ತಾರೆ, ಮಾತು ಅಲ್ಲೇ ನಿಲ್ಲುತ್ತೆ. ಬದಲಿಗೆ ನೆರಳಿನ ಕಡೆ ಮೂರಡಿ ದೂರದಲ್ಲಿ ಒಂದು ಬಿಳಿ ಥರ್ಮೋಕೋಲ್ ಶೀಟ್ ನಿಲ್ಲಿಸಿ, ಲ್ಯಾಂಪಿನ ಬೆಳಕನ್ನು ಅದಕ್ಕೆ ಹೊಡೆಯಿರಿ. ಅಲ್ಲಿಂದ ತಿರುಗಿ ಬರೋ ಬೆಳಕು ಕಣ್ಣಿಗೆ ಚುಚ್ಚಲ್ಲ. ಥರ್ಮೋಕೋಲ್ ಇಲ್ಲವೇ? ಕುರ್ಚಿಯ ಬೆನ್ನಿಗೆ ತಾತನ ಬಿಳಿ ಪಂಚೆ ಹರಡಿ. ಗೋಡೆಯೇ ಸಾಕು ಅನ್ನಬೇಡಿ. ಹಸಿರು ಗೋಡೆಗೆ ಹೊಡೆದ ಬೆಳಕು ಕೆನ್ನೆಯನ್ನೂ ಹಸಿರು ಮಾಡುತ್ತೆ. (ಇದೇನು ಬಡವರ ಉಪಾಯ ಅಲ್ಲ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ಗಾಗಿ ಹಾಕಿದ ಕಾಶಿಯ ಮನೆಯ ಸೆಟ್ಟಿಗೆ ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ದೀಪ ಹೊಡೆದೇ ಹಗಲಿನ ಬೆಳಕು ತಂದಿದ್ದು.)

ಈ ದೀಪಕ್ಕೆ ಡಬ್ಬಿಯ ಮೇಲೆ 6500K ಅಂತ ಇರೋ ಬಿಳಿ ಎಲ್‌ಇಡಿ ಬಲ್ಬೇ ಬೇಕು, ಕಿಟಕಿಯ ಬೆಳಕಿಗೆ ಅದು ಹತ್ತಿರ. 3000Kನ ಹಳದಿ ಬಲ್ಬ್ ಹಾಕಿದ್ರೆ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಬೆಳಕು ಎಷ್ಟಿರಬೇಕು ಅನ್ನೋದಕ್ಕೆ ಕಣ್ಣು ಅರ್ಧ ಮುಚ್ಚಿ ನೋಡಿ. ನೆರಳಿನ ಕಡೆಯ ಕಣ್ಣು, ಸುಕ್ಕು ಕಾಣಬೇಕು, ಆದ್ರೆ ಆ ಕೆನ್ನೆ ಇನ್ನೂ ಸ್ವಲ್ಪ ಮಬ್ಬಾಗಿಯೇ ಇರಬೇಕು. ಎರಡೂ ಸಮ ಆದ್ರೆ ಪಾಸ್‌ಪೋರ್ಟ್ ಫೋಟೋ ಆಗುತ್ತೆ.

ಎರಡನೇ ದೀಪ ಹಿಂದೆ, ಕಿಟಕಿಗೆ ವಿರುದ್ಧ ಮೂಲೆಯ ಬೀರುವಿನ ಮೇಲೆ, ಫೋನಿನ ಚೌಕಟ್ಟಿಗೆ ಬೀಳದ ಹಾಗೆ. ಇಲ್ಲಿ ಹಳದಿ ಬಲ್ಬ್ ಇದ್ರೂ ಚಂದವೇ. ಕಪ್ಪು ಕೂದಲಿಗೆ 9 ವ್ಯಾಟ್ ಸರಿ. ಬೆಳ್ಳಿ ಕೂದಲಿಗೆ ಅದು ಜಾಸ್ತಿಯಾಗಿ ತಲೆ ಉರಿಯೋ ಹಾಗೆ ಕಾಣಬಹುದು. ಆಗ ದೀಪವನ್ನು ಹಿಂದಕ್ಕೆ ಸರಿಸಿ. ಬರಿ ಬಲ್ಬಿನ ದೂರ ಎರಡರಷ್ಟಾದ್ರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತೆ, ಅಂದ್ರೆ ಒಂದಡಿ ಸರಿಸಿದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಕನ್ನಡಕದಲ್ಲಿ ಕಿಟಕಿ ಹೊಳೀತಾ ಇದ್ರೆ ತೆಗೀರಿ ಅನ್ನಬೇಡಿ, ಕನ್ನಡಕವಿಲ್ಲದ ಅಜ್ಜಿ ಬೇರೆ ಯಾರೋ ಅನ್ನಿಸ್ತಾರೆ. ಕಿವಿಯ ಮೇಲಿನ ಕಡ್ಡಿಗಳನ್ನು ಒಂದು ಚೂರು ಎತ್ತಿ, ಗಾಜು ಕೆಳಕ್ಕೆ ವಾಲುತ್ತೆ, ಹೊಳಪು ಹೋಗುತ್ತೆ.

ಇನ್ನು ಫೋನು. ಅದು ತಾನೇ ಬೆಳಕು ಹೆಚ್ಚುಕಡಿಮೆ ಮಾಡ್ತಾ ಇದ್ರೆ ಅಜ್ಜಿ ಕೈ ಎತ್ತಿದಾಗೆಲ್ಲ ಮುಖದ ಬಣ್ಣ ಬದಲಾಗುತ್ತೆ. ಐಫೋನಿನಲ್ಲಿ ಮುಖವನ್ನು ಒತ್ತಿ ಹಿಡಿದ್ರೆ AE/AF LOCK ಅಂತ ಬರುತ್ತೆ. ಪರದೆಯಲ್ಲಿ ಪಟ್ಟಿಗಳು ಓಡಿದ್ರೆ ಅದು ಅಗ್ಗದ ಬಲ್ಬಿನ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ; ಅದಕ್ಕೂ ಹೋಗದಿದ್ರೆ ಬಲ್ಬ್ ಬದಲಾಯಿಸಿ.

ಮೋಡ ಬಂದ್ರೆ ಕಿಟಕಿ ಮಂಕಾಗುತ್ತೆ, ದೀಪಗಳು ಹಾಗೇ ಇರ್ತವೆ, ಲೆಕ್ಕ ತಪ್ಪುತ್ತೆ. ಅದಕ್ಕೆ ಕಾಲು ಗಂಟೆಗೊಮ್ಮೆ ನಿಲ್ಲಿಸಿ ನೋಡಿ, ಅಜ್ಜಿಗೂ ಕಾಫಿ ಆಗುತ್ತೆ. ಮಧ್ಯಾಹ್ನದ ಮೇಲೆ ಇದೇ ಕಿಟಕಿಯಿಂದ ಬಿಸಿಲು ನೇರ ಒಳಗೆ ಬರುತ್ತೆ; ಅಷ್ಟರೊಳಗೆ ಕಥೆ ಮುಗಿಯದಿದ್ರೆ ಅದೇ ಪಂಚೆಯನ್ನು ಕಿಟಕಿಗೆ ಕಟ್ಟಿ, ಇಲ್ಲಾ ನಾಳೆ ಹತ್ತಕ್ಕೆ ಮತ್ತೆ ಅಲ್ಲೇ ಕೂರಿಸಿ.